ಪದಚರ್ಚೆ: ಟೆಂಡರ್ ಉತ್ತರದಲ್ಲಿ ‘ಪೂರೈಕೆ’ ಅಂದರೆ ಹೊರಡುವುದೋ, ತಲುಪುವುದೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪಂಪ್ ತಯಾರಿಸುವ ಕಂಪನಿಯೊಂದರ ಟೆಂಡರ್ ಕಾಗದಪತ್ರಗಳನ್ನು ಕನ್ನಡದಲ್ಲಿ ಸಿದ್ಧ ಮಾಡುವ ಕೆಲಸ ನನ್ನದು. ಬಿಡ್ ತೆರೆದಾಗಿದೆ. ಈಗ ಖರೀದಿ ಸಂಸ್ಥೆಯಿಂದ ಎರಡು ಪ್ರಶ್ನೆ ಬಂದಿವೆ.

ಮೊದಲನೆಯದು ಪಂಪ್‌ನ ಹರಿವು ಮತ್ತು ಹೆಡ್, ಅಂದರೆ ನೀರೆತ್ತುವ ಎತ್ತರದ ಬಗ್ಗೆ: ‘ಗಂಟೆಗೆ ಸುಮಾರು 60 ಘನ ಮೀಟರ್, 32 ಮೀಟರ್ ಹೆಡ್ ಎಂದು ಬರೆದಿದ್ದೀರಿ. ಇದು ಖಾತರಿ ಅಂಕಿಯೇ?’ ಎರಡನೆಯದು: ‘10 ವಾರದಲ್ಲಿ ಪೂರೈಕೆ ಎಂದಿದ್ದೀರಿ. ಪಂಪ್ ನಿಮ್ಮ ಕಾರ್ಖಾನೆಯಿಂದ ಹೊರಡುವುದು 10 ವಾರಕ್ಕೋ, ನಮ್ಮ ಗೋದಾಮು ತಲುಪುವುದು 10 ವಾರಕ್ಕೋ?’

ಉತ್ತರದಲ್ಲಿ ‘ಸುಮಾರು’ ಬದಲು ‘ಕನಿಷ್ಠ’ ಅಂತ ಹಾಕಬಹುದಾ? ‘ಪೂರೈಕೆ’ಗೆ ಇನ್ನೂ ಖಚಿತವಾದ ಪದ ಇದೆಯಾ? ಬಿಡ್‌ನಲ್ಲಿ ಸಾಗಣೆ ಷರತ್ತು, ಇನ್‌ಕೋಟರ್ಮ್ಸ್ ಎಂಬ ಅಂತರರಾಷ್ಟ್ರೀಯ ವ್ಯಾಪಾರ ನಿಯಮಗಳ ಪ್ರಕಾರ, ‘ಸಿಪಿಟಿ, ಖರೀದಿದಾರರ ಗೋದಾಮು, ಇನ್‌ಕೋಟರ್ಮ್ಸ್ 2020’ ಎಂದಿದೆ.

ಉತ್ತರ: ಅನುವಾದ ಮಾಡುವವರು

ಪೂರೈಕೆ ಸರಿಯಾಗಿಯೇ ಇದೆ. ‘ಪೂರೈಸು’ ಅಂದರೆ ಕೆಲಸ ಮುಗಿಸು ಅಂತಲೂ ಅರ್ಥ ಇದೆ ಅಲ್ವಾ? ಸಾಮಾನು ದಾರಿಯಲ್ಲಿ ಇರುವಾಗ ಯಾರೂ ಪೂರೈಸಿದೆವು ಅನ್ನುವುದಿಲ್ಲ. ಹೊರಡುವುದಕ್ಕೆ ‘ರವಾನೆ’ ಅನ್ನುವ ಪದ ಬೇರೆಯೇ ಇದೆ. ಹಾಗಾಗಿ ‘10 ವಾರದಲ್ಲಿ ನಿಮ್ಮ ಗೋದಾಮಿಗೆ ಪೂರೈಕೆ’ ಎಂದು ಬರೆದರೆ ಮುಗಿಯಿತು. ‘ಸುಮಾರು’ ಕೂಡ ತೆಗೆದುಬಿಡಿ, ಅದು ಅಳುಕಿನ ಪದ.

ಉತ್ತರ: ಕೇಬಲ್ ವ್ಯಾಪಾರದಲ್ಲಿರುವವರು

ನಮಗೂ ಇದೇ ಕಷ್ಟ ಆಗಿತ್ತು. ಟೆಂಡರ್‌ನಲ್ಲಿ ಕೇಬಲ್‌ನ ಉದ್ದ ಕೊಟ್ಟಿದ್ದರು, ಒಂದು ಡ್ರಮ್‌ಗೆ ಎಷ್ಟು ಮೀಟರ್ ಅಂತ ಕೊಟ್ಟಿರಲಿಲ್ಲ. ನಾವು ಬಿಡ್ ಹಾಕುವ ಮೊದಲೇ ಪ್ರಶ್ನೆ ಕಳಿಸಿದೆವು. ಅವರು ತಿದ್ದುಪಡಿ ಹೊರಡಿಸಿದರು, ಎಲ್ಲ ಬಿಡ್‌ದಾರರಿಗೂ ಕಳಿಸಿದರು. ನೀವೂ ಹಾಗೇ ಕೇಳಿ. ಪದ ಹುಡುಕುತ್ತಾ ಕೂರುವುದಕ್ಕಿಂತ ಅವರಿಗೆ ಏನು ಬೇಕು ಅಂತ ಅವರನ್ನೇ ಕೇಳುವುದು ಸುಲಭ.

ಉತ್ತರ: ಖರೀದಿ ವಿಭಾಗದಲ್ಲಿ ಕೆಲಸ ಮಾಡಿದವರು

ಕೇಬಲ್‌ನವರು ಹೇಳಿದ್ದು ಬಿಡ್ ಹಾಕುವ ಮೊದಲಿನ ಮಾತು. ಆಗ ಕೇಳುವವರು ಬಿಡ್‌ದಾರರು, ಉತ್ತರ ಕೊಡುವವರು ಖರೀದಿದಾರರು. ಇಲ್ಲಿ ಬಿಡ್ ತೆರೆದಾಗಿದೆ, ಕೇಳುತ್ತಿರುವವರು ಖರೀದಿದಾರರು. ಈ ಹಂತದಲ್ಲಿ ನೀವು ಬರೆಯುವ ಒಂದೊಂದು ಪದವನ್ನೂ ಬಿಡ್ ಪಕ್ಕ ಇಟ್ಟು ನೋಡುತ್ತಾರೆ. ಬಿಡ್‌ನಲ್ಲಿ ಇದ್ದದ್ದನ್ನು ಬಿಡಿಸಿ ಹೇಳಬಹುದು. ಹೊಸದಾಗಿ ಸೇರಿಸುವಂತಿಲ್ಲ, ಬೆಲೆ ಮುಟ್ಟುವಂತಿಲ್ಲ. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗವಾದ ಅನ್‌ಸಿಟ್ರಾಲ್‌ನ 2011ರ ಸಾರ್ವಜನಿಕ ಖರೀದಿ ಮಾದರಿ ಕಾನೂನು ಹೇಳುವುದೂ ಇದನ್ನೇ: ಷರತ್ತಿಗೆ ಹೊಂದದ ಬಿಡ್ಡನ್ನು ಸ್ಪಷ್ಟನೆಯ ಹೆಸರಿನಲ್ಲಿ ಹೊಂದುವಂತೆ ಮಾಡಬಾರದು.

ಅದಕ್ಕೇ ‘ನಿಮ್ಮ ಗೋದಾಮಿಗೆ ಪೂರೈಕೆ’ ಅನ್ನುವ ಸಲಹೆ ನನಗೆ ಭಯ ಹುಟ್ಟಿಸುತ್ತದೆ. ನಿಘಂಟಿನ ಪ್ರಕಾರ ಅನುವಾದಕರು ಹೇಳಿದ್ದು ತಪ್ಪಲ್ಲ. ಆದರೆ ಬಿಡ್‌ನಲ್ಲಿ ಸಿಪಿಟಿ ಅಂತ ಇದೆ. ಸಿಪಿಟಿಯಲ್ಲಿ ಸಾಗಣೆ ಬಾಡಿಗೆಯನ್ನು ಗೋದಾಮಿನವರೆಗೂ ಮಾರುವವರೇ ಕೊಡುತ್ತಾರೆ. ಹಾಗಿದ್ದರೂ ಸಾಮಾನನ್ನು ಸಾಗಣೆದಾರರ ವಶಕ್ಕೆ ಕೊಟ್ಟ ಕ್ಷಣಕ್ಕೇ ಪೂರೈಕೆ ಆಯಿತು ಎಂದು ಲೆಕ್ಕ. ಅಲ್ಲಿಂದ ಮುಂದೆ ದಾರಿಯಲ್ಲಿ ಪಂಪ್ ಒಡೆದರೆ ನಷ್ಟ ಖರೀದಿದಾರರದ್ದು. ಬಾಡಿಗೆ ಒಂದು ಕಡೆ ಮುಗಿಯುತ್ತದೆ, ಹೊಣೆ ಇನ್ನೊಂದು ಕಡೆ ಮುಗಿಯುತ್ತದೆ. ಎರಡೂ ಒಂದೇ ಅಂದುಕೊಂಡು ಎಡವುವವರು ಜಾಸ್ತಿ.

ಗೋದಾಮು ತಲುಪುವವರೆಗೂ ಹೊಣೆ ಮಾರುವವರದ್ದಾಗಬೇಕಾದರೆ ಷರತ್ತು ಡಿಎಪಿ ಆಗಿರಬೇಕಿತ್ತು. ಲಾರಿಯಿಂದ ಇಳಿಸಿಯೂ ಕೊಡಬೇಕಾದರೆ ಡಿಪಿಯು. ಈಗ ಉತ್ತರದಲ್ಲಿ ‘ಗೋದಾಮಿಗೆ ಪೂರೈಕೆ’ ಎಂದು ಬರೆದರೆ ಷರತ್ತನ್ನೇ ಬದಲಾಯಿಸಿದಂತೆ. ಕಂಪನಿ ಲೆಕ್ಕ ಹಾಕಿದ ಬೆಲೆಯಲ್ಲಿ ಆ ದಾರಿಯ ಹೊಣೆ ಸೇರಿಯೇ ಇಲ್ಲ.

ನನ್ನ ಸಲಹೆ: ಈ ಉತ್ತರದಲ್ಲಿ ‘ಪೂರೈಕೆ’ ಪದವನ್ನೇ ಬಿಡಿ. ನಡೆಯುವ ಕೆಲಸವನ್ನು ಹೇಳಿ. ‘ಪಂಪನ್ನು ಸಾಗಣೆದಾರರ ವಶಕ್ಕೆ ಕೊಡುವುದು 10 ವಾರದೊಳಗೆ’ ಎಂದು ಬರೆಯಿರಿ. ದಾರಿಯ ಸಮಯವನ್ನು ಬೇರೆ ವಾಕ್ಯದಲ್ಲಿ ‘ತಲುಪಲು ಇಷ್ಟು ದಿನ ಹಿಡಿಯುತ್ತದೆಂದು ನಿರೀಕ್ಷೆ’ ಎಂದು ತಿಳಿಸಿ. ಅದು ಮಾಹಿತಿ, ಮಾತು ಕೊಟ್ಟದ್ದಲ್ಲ ಅನ್ನುವುದು ಓದಿದ ತಕ್ಷಣ ಗೊತ್ತಾಗಬೇಕು. ಇನ್ನೊಂದು ಮಾತು. 10 ವಾರ ಯಾವ ದಿನದಿಂದ? ಖರೀದಿ ಆದೇಶ ಕೈಸೇರಿದ ದಿನವೋ, ಡ್ರಾಯಿಂಗ್‌ಗೆ ಒಪ್ಪಿಗೆ ಸಿಕ್ಕ ದಿನವೋ? ಅವರು ಕೇಳದಿದ್ದರೂ ಬಿಡ್‌ನಲ್ಲಿ ಏನಿದೆಯೋ ಅದನ್ನೇ ಪುಟ ಸಂಖ್ಯೆ ಸಮೇತ ಬರೆಯಿರಿ.

ಉತ್ತರ: ಪಂಪ್ ಪರೀಕ್ಷೆ ಮಾಡುವ ಎಂಜಿನಿಯರ್

‘ಸುಮಾರು’ ಬಗ್ಗೆ ನಾನು ಹೇಳುತ್ತೇನೆ. ಅದು ಅಳುಕಿನ ಪದ ಅಂತ ಸುಮ್ನೆ ತೆಗೆಯಬೇಡಿ. ಯಾವ ಪಂಪೂ ಪರೀಕ್ಷೆಯಲ್ಲಿ ಸರಿಯಾಗಿ 60 ಅಂತ ತೋರಿಸುವುದಿಲ್ಲ. ಎಷ್ಟು ಆಚೀಚೆ ಆದರೆ ಒಪ್ಪಬಹುದು ಎಂದು ಪಂಪ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9906ರಲ್ಲಿ ದರ್ಜೆ ದರ್ಜೆಯಾಗಿ ಹೇಳಿದೆ. 2ಬಿ ದರ್ಜೆಯಲ್ಲಿ ಹರಿವು ಶೇಕಡ 8ರಷ್ಟು ಹೆಚ್ಚು ಕಡಿಮೆ ಆಗಬಹುದು. ಅಂದರೆ ನಿಮ್ಮ 60 ಎಂಬುದು 55.2ರಿಂದ 64.8ರವರೆಗೆ. 1ಬಿ ದರ್ಜೆಯಲ್ಲಿ ಶೇಕಡ 5 ಮಾತ್ರ, ಅಂದರೆ 57ರಿಂದ 63. ಹೆಡ್‌ಗೂ ಹೀಗೇ ಬೇರೆ ಮಿತಿಗಳಿವೆ.

ಈಗ ‘ಕನಿಷ್ಠ 60’ ಎಂದು ಬರೆದರೆ ಏನಾಗುತ್ತದೆ ನೋಡಿ. ಕೆಳಗಿನ ಸಡಿಲ ಪೂರ್ತಿ ಹೋಯಿತು. ಅದಕ್ಕೆ 1ಯು ಅಂತ ಬೇರೆ ದರ್ಜೆಯೇ ಇದೆ, ಅಲ್ಲಿ ಸಡಿಲ ಮೇಲಕ್ಕೆ ಮಾತ್ರ. 59 ಬಂದ ಪಂಪ್ 2ಬಿಯಲ್ಲಿ ಪಾಸು, ‘ಕನಿಷ್ಠ’ದಲ್ಲಿ ಫೇಲು. ಒಂದು ಪದದಿಂದ ಪಂಪ್ ಕಾರ್ಖಾನೆಗೆ ವಾಪಸ್ ಬರಬಹುದು.

ಹಾಗಾಗಿ ಮೊದಲು ಟೆಂಡರ್ ತೆಗೆದು ಯಾವ ದರ್ಜೆ ಕೇಳಿದ್ದಾರೆ ನೋಡಿ. ಆಮೇಲೆ ಬಿಡ್ ಜೊತೆ ಕೊಟ್ಟ ಡೇಟಾ ಶೀಟ್ ನೋಡಿ. ಎರಡರಲ್ಲೂ 2ಬಿ ಇದ್ದರೆ ಉತ್ತರ ಸಲೀಸು: ‘ಗಂಟೆಗೆ 60 ಘನ ಮೀಟರ್, 32 ಮೀಟರ್ ಹೆಡ್ ಖಾತರಿ ಬಿಂದು. ಸ್ವೀಕಾರ ಐಎಸ್‌ಒ 9906, ದರ್ಜೆ 2ಬಿ ಪ್ರಕಾರ.’ ಇಲ್ಲಿ ‘ಸುಮಾರು’ ಬೇಕಾಗಿಲ್ಲ. ಆ ಪದ ಮಾಡುತ್ತಿದ್ದ ಕೆಲಸವನ್ನು ದರ್ಜೆ ಮಾಡುತ್ತದೆ, ಅದೂ ಅಳೆಯುವ ಹಾಗೆ.

ಪ್ರಶ್ನೆ ಕೇಳಿದವರು

ನೋಡಿದೆ. ಟೆಂಡರ್‌ನಲ್ಲಿ 2ಬಿ ಇದೆ. ನಮ್ಮ ಡೇಟಾ ಶೀಟ್‌ನಲ್ಲಿ 60 ಮತ್ತು 32 ಇವೆ, ದರ್ಜೆ ಬರೆದಿಲ್ಲ. ಆದರೆ ಬಿಡ್ ಪತ್ರದಲ್ಲಿ ‘ಟೆಂಡರ್‌ನ ಎಲ್ಲ ತಾಂತ್ರಿಕ ಷರತ್ತುಗಳಿಗೆ ಒಪ್ಪಿದ್ದೇವೆ’ ಎಂಬ ಸಾಲು ಇದೆ. 10 ವಾರ ‘ಆದೇಶ ಕೈಸೇರಿದ ದಿನದಿಂದ’ ಅಂತಲೂ ಇದೆ. ‘ಸುಮಾರು’ ಇರುವುದು ಬೆಲೆ ಪಟ್ಟಿಯ ವಿವರಣೆಯಲ್ಲಿ ಮಾತ್ರ.

ಉತ್ತರ: ಪಂಪ್ ಪರೀಕ್ಷೆ ಮಾಡುವ ಎಂಜಿನಿಯರ್

ಹಾಗಿದ್ದರೆ ಧೈರ್ಯವಾಗಿ ಬರೆಯಿರಿ. ಟೆಂಡರ್‌ಗೆ ಒಪ್ಪಿದ ಮೇಲೆ 2ಬಿಗೂ ಒಪ್ಪಿದಂತೆ.

ಉತ್ತರ: ಖರೀದಿ ವಿಭಾಗದಲ್ಲಿ ಕೆಲಸ ಮಾಡಿದವರು

ನನಗೆ ಅಷ್ಟು ಧೈರ್ಯ ಇಲ್ಲ. ಬೆಲೆ ಪಟ್ಟಿಯಲ್ಲಿ ‘ಸುಮಾರು’, ಒಪ್ಪಿಗೆ ಪತ್ರದಲ್ಲಿ ‘ಎಲ್ಲ ಷರತ್ತು’. ಎರಡರಲ್ಲಿ ಯಾವುದು ಮೇಲು ಅನ್ನುವುದನ್ನು ಟೆಂಡರ್‌ನ ದಾಖಲೆ ಕ್ರಮವೇ ಹೇಳಬೇಕು. ಸೋತ ಬಿಡ್‌ದಾರರು ‘ಸುಮಾರು ಇದ್ದದ್ದು ಈಗ ಖಾತರಿ ಆಯಿತು, ಇದು ಬದಲಾವಣೆ’ ಎಂದು ತಕರಾರು ತೆಗೆಯಬಹುದು. ಆದ್ದರಿಂದ ‘ಖಾತರಿ ಕೊಡುತ್ತೇವೆ’ ಎಂದು ಬರೆಯಬೇಡಿ, ಈಗ ಕೊಟ್ಟಂತೆ ಕೇಳಿಸುತ್ತದೆ. ‘ಬಿಡ್ ಪತ್ರದ ಇಂಥ ಪುಟದಲ್ಲಿ ಒಪ್ಪಿರುವಂತೆ’ ಎಂದು ಶುರು ಮಾಡಿ.

ಉತ್ತರ: ಅನುವಾದ ಮಾಡುವವರು

ಸಿಪಿಟಿ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ‘ವಶಕ್ಕೆ ಕೊಡುವುದು’ ನನಗೆ ಹಿಡಿಸಲಿಲ್ಲ, ಪೊಲೀಸ್ ಭಾಷೆ ಅನ್ನಿಸುತ್ತದೆ. ‘ಒಪ್ಪಿಸುವುದು’ ಆಗದೇ?

ಪ್ರಶ್ನೆ ಕೇಳಿದವರು

‘ಒಪ್ಪಿಸುವುದು’ ಚೆನ್ನಾಗಿದೆ. ಯಾರಿಗೆ ಅನ್ನುವುದು ಬಿಟ್ಟುಹೋಗದಿದ್ದರೆ ಸಾಕು. ಕಳಿಸುತ್ತಿರುವ ಕರಡು ಇದು:

‘ಬಿಡ್ ಪತ್ರದಲ್ಲಿ ಒಪ್ಪಿರುವಂತೆ, ಗಂಟೆಗೆ 60 ಘನ ಮೀಟರ್ ಮತ್ತು 32 ಮೀಟರ್ ಹೆಡ್ ಖಾತರಿ ಬಿಂದು. ಸ್ವೀಕಾರ ಟೆಂಡರ್‌ನಲ್ಲಿರುವ ಐಎಸ್‌ಒ 9906, ದರ್ಜೆ 2ಬಿ ಪ್ರಕಾರ. ಆದೇಶ ಕೈಸೇರಿದ ದಿನದಿಂದ 10 ವಾರದೊಳಗೆ ಪಂಪನ್ನು ಸಾಗಣೆದಾರರಿಗೆ ಒಪ್ಪಿಸುತ್ತೇವೆ. ನಿಮ್ಮ ಗೋದಾಮಿನವರೆಗಿನ ಬಾಡಿಗೆ ನಮ್ಮ ಬೆಲೆಯಲ್ಲಿ ಸೇರಿದೆ. ಬೆಲೆಯಲ್ಲಾಗಲಿ ಷರತ್ತಿನಲ್ಲಾಗಲಿ ಬದಲಾವಣೆ ಇಲ್ಲ.’

ದಾರಿಯ ದಿನಗಳನ್ನು ಸಾಗಣೆದಾರರಿಂದ ತಿಳಿದುಕೊಂಡು ಸೇರಿಸುತ್ತೇನೆ. ದಾಖಲೆ ಕ್ರಮದ ಪುಟವನ್ನು ಕಂಪನಿಯ ವಕೀಲರಿಗೆ ಕಳಿಸಿದ್ದೇನೆ. ‘ಖಾತರಿ ಬಿಂದು’ ಉಳಿಯುತ್ತದೋ ಇಲ್ಲವೋ ಅವರು ಹೇಳಬೇಕು.