ಸಹಾಯ ಬೇಕು: ಚಳಿಯಲ್ಲಿ ಅರ್ಧ ಚಾರ್ಜ್ ಇದ್ದರೂ ಫೋನ್ ಆಫ್ ಆಗ್ತಿದೆ

ಎತ್ತರದ ಬೆಟ್ಟಗಳಲ್ಲಿ ನಡೀತಿದ್ದೀವಿ, ಬೆಳಗಿನ ಹೊತ್ತು -10 ಡಿಗ್ರಿ ಚಳಿ. ಫೋನ್‌ನಲ್ಲಿ 50% ಚಾರ್ಜ್ ಇರುತ್ತೆ, ಕ್ಯಾಮೆರಾ ತೆರೆದ ತಕ್ಷಣ ಸ್ಕ್ರೀನ್ ಕಪ್ಪಾಗಿ ಪೂರ್ತಿ ಆಫ್. ಒಳಜೇಬಲ್ಲಿ ಇಟ್ಕೊಂಡು ಬೆಚ್ಚಗಾದ ಮೇಲೆ ಆನ್ ಮಾಡಿದ್ರೆ ಮತ್ತೆ 48% ತೋರಿಸುತ್ತೆ! ಅಂದ್ರೆ ಚಾರ್ಜ್ ಎಲ್ಲೂ ಹೋಗಿಲ್ಲ.

ನಾನು ತಿಳ್ಕೊಂಡ ಪ್ರಕಾರ, ಚಳಿಗೆ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಹೆಚ್ಚಾಗುತ್ತೆ. ಕ್ಯಾಮೆರಾ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಫೋನ್ ತಾನಾಗೇ ಆಫ್ ಆಗುತ್ತೆ. ಹಳೇ ಬ್ಯಾಟರಿಗೆ ಇದು ಇನ್ನೂ ಜಾಸ್ತಿಯಂತೆ, ನನ್ನದೂ ಹಳೇದೇ. ತೆಳು ಗಾಳಿಗೂ ಇದಕ್ಕೂ ಸಂಬಂಧ ಇಲ್ಲ ಅನ್ಸುತ್ತೆ.

ಏರೋಪ್ಲೇನ್ ಮೋಡ್, ಬ್ಯಾಟರಿ ಸೇವರ್, ಬ್ರೈಟ್‌ನೆಸ್ ಕಡಿಮೆ ಮಾಡೋದು ಎಲ್ಲಾ ನೋಡಿದ್ದಾಯ್ತು. ಮ್ಯಾಪ್ ಸ್ವಲ್ಪ ಹೊತ್ತು ತಡೆಯುತ್ತೆ, ಕ್ಯಾಮೆರಾ ಮಾತ್ರ ಇಲ್ಲ.

ಗೊಂದಲ ಇರೋದು ಪವರ್ ಬ್ಯಾಂಕ್ ವಿಷಯದಲ್ಲಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಿದ್ರೆ ಒಳಗೆ ಲಿಥಿಯಂ ಲೋಹ ಕೂತು ಶಾಶ್ವತವಾಗಿ ಹಾಳಾಗುತ್ತೆ ಅಂತಾರೆ. ಹಾಗಾದ್ರೆ ತಣ್ಣಗಿರೋ ಫೋನ್‌ಗೆ ಪವರ್ ಬ್ಯಾಂಕ್ ಚುಚ್ಚಿ ಫೋಟೋ ತೆಗೆದ್ರೆ, ಕರೆಂಟ್ ನೇರವಾಗಿ ಫೋನ್ ನಡೆಸೋಕೆ ಹೋಗುತ್ತಾ, ಇಲ್ಲ ಆ ತಣ್ಣನೆ ಬ್ಯಾಟರಿಗೂ ಸೇರುತ್ತಾ? ಇಂಥ ಚಳಿಯಲ್ಲಿ ಹೀಗೆ ಬಳಸಿದವರು ದಯವಿಟ್ಟು ಹೇಳಿ.