ಬಾಲ್ಕನಿಯ ಪಾರಿವಾಳ: ಹಿಕ್ಕೆ, ಧೂಳು ಮತ್ತು ಬಲೆ

ಪ್ರಶ್ನೆ: ಬಾಲ್ಕನಿಯಲ್ಲಿ ಎಸಿಯ ಹೊರಗಿನ ಪೆಟ್ಟಿಗೆಯ ಹಿಂದೆ ಪಾರಿವಾಳದ ಹಿಕ್ಕೆ ಒಣಗಿ ಪದರಗಟ್ಟಿದೆ. ಗುಡಿಸಿದಾಗಲೆಲ್ಲ ಅತ್ತೆಯವರಿಗೆ ಕೆಮ್ಮು ಬರುತ್ತದೆ. ಬಲೆ ಹಾಕಿಸಿದರೆ ಕಾಟ ಶಾಶ್ವತವಾಗಿ ತಪ್ಪುತ್ತದೆಯೇ? ಹಾಕಿಸಿದವರು ಹೇಳಿ.

ಬಿಸಿಲುಮಚ್ಚು: ಹಸಿ ಹಿಕ್ಕೆಯಲ್ಲಿ ಮಾತ್ರ ರೋಗಾಣು ಇರುತ್ತದೆ. ಒಣಗಿದ್ದನ್ನು ಧೈರ್ಯವಾಗಿ ಗುಡಿಸಿ, ಫಿನಾಯಿಲ್ ಹಾಕಿ ಒರೆಸಿ. ಬಲೆಗೆ ಮೊದಲು ಹಳೆಯ ಸಿಡಿಗಳನ್ನು ತೂಗುಹಾಕಿ ನೋಡಿ. ನಮ್ಮಲ್ಲಿ ಆ ಮಿನುಗಿಗೆ ಹೆದರಿ ಪಾರಿವಾಳಗಳು ಬರುವುದನ್ನೇ ಬಿಟ್ಟವು.

ಅಪ್ಪನ ಮಗಳು: ದಯವಿಟ್ಟು ಒಣಗಿದ್ದನ್ನು ಗುಡಿಸಬೇಡಿ, ಒಣಗಿದ ಹಿಕ್ಕೆಯಲ್ಲೂ ರೋಗಾಣು ಇರಬಹುದು. ನಮ್ಮ ತಂದೆಯವರು ಎಷ್ಟೋ ಕಾಲ ಪ್ರತಿದಿನ ಬೆಳಿಗ್ಗೆ ಬಾಲ್ಕನಿ ಗುಡಿಸುತ್ತಿದ್ದರು. ಸಂಜೆಯಾದರೆ ಒಣಕೆಮ್ಮು, ಮೈ ಬಿಸಿ, ಚಳಿ. ಬೇರೆ ಊರಿಗೆ ಹೋದರೆ ಎಲ್ಲವೂ ಕಡಿಮೆ. ಅಸ್ತಮಾ ಎಂದು ಬಹಳ ಕಾಲ ಔಷಧ ನಡೆಯಿತು. ಕೊನೆಗೆ ಒಬ್ಬ ವೈದ್ಯರು ‘ಮನೆಯ ಹತ್ತಿರ ಪಾರಿವಾಳ ಇವೆಯೇ’ ಎಂದು ಕೇಳಿದರು. ಆಮೇಲೆ ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಉರಿಯೂತ ಕಾಣಿಸಿತು. ಹಿಕ್ಕೆಯ ಮತ್ತು ಗರಿಯ ಧೂಳಿನಲ್ಲಿರುವ ಪ್ರೋಟೀನ್‌ಗಳ ವಿರುದ್ಧ ದೇಹವೇ ಕೆರಳಿ ಬರುವ ಕಾಯಿಲೆ ಇದು. ಸೋಂಕಲ್ಲ, ಹಾಗಾಗಿ ಫಿನಾಯಿಲ್ ಹಾಕಿದರೂ ಇದು ತಡೆಯುವುದಿಲ್ಲ. ಎಲ್ಲರಿಗೂ ಬರುವುದಿಲ್ಲ, ಆದರೆ ಬಂದವರು ಧೂಳಿನಲ್ಲೇ ಉಳಿದರೆ ಶ್ವಾಸಕೋಶ ಗಟ್ಟಿಯಾಗುತ್ತ ಹೋಗಬಹುದು, ಹಾಗೆ ಗಟ್ಟಿಯಾದದ್ದು ಮತ್ತೆ ಮೊದಲಿನಂತಾಗುವುದಿಲ್ಲ. ನಿಮ್ಮ ಅತ್ತೆಯವರನ್ನು ವೈದ್ಯರಿಗೆ ತೋರಿಸುವಾಗ ಪಾರಿವಾಳದ ವಿಷಯವನ್ನು ನೀವೇ ಎತ್ತಿ ಹೇಳಿ.

ಹೂಕುಂಡ: ನನ್ನ ತುಳಸಿ ಕುಂಡದಲ್ಲೇ ಮೊಟ್ಟೆ ಇಟ್ಟಿದೆ! ಗಿಡಕ್ಕೆ ನೀರು ಹಾಕುವುದು ಹೇಗೆ? ಹಿಕ್ಕೆ ಗೊಬ್ಬರವಾಗುತ್ತದೆ ಎನ್ನುತ್ತಾರೆ, ನಿಜವೇ?

ಬಲೆ ಕಟ್ಟುವವನು: ಹೂಕುಂಡದವರೇ, ಕುಂಡದ ಅಂಚಿನಿಂದ ನಿಧಾನವಾಗಿ ನೀರು ಬಿಡಿ. ಗೊಬ್ಬರದ ಆಸೆಗೆ ಆ ಧೂಳನ್ನು ಮಾತ್ರ ಕೈಯಲ್ಲಿ ಕೆದಕಬೇಡಿ.

ಪ್ರಶ್ನೆ ಕೇಳಿದವರಿಗೆ: ಮೊದಲು ಪೆಟ್ಟಿಗೆಯ ಹಿಂದೆ ಟಾರ್ಚ್ ಹಾಕಿ ನೋಡಿ. ಪಾರಿವಾಳ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ, ಸುಮಾರು ಹದಿನೆಂಟು ದಿನಕ್ಕೆ ಮರಿಯಾಗುತ್ತದೆ, ಮರಿ ಹಾರಲು ಇನ್ನೂ ಒಂದು ತಿಂಗಳು ಬೇಕು. ಗೂಡಿರುವಾಗ ಬಲೆ ಮುಚ್ಚಿದರೆ ಮರಿಗಳು ಒಳಗೇ ಸಾಯುತ್ತವೆ, ತಾಯಿ ಹೊರಗಿನಿಂದ ಬಲೆಗೆ ಬಡಿದುಕೊಳ್ಳುತ್ತದೆ. ಅದಕ್ಕೆ ನಾನು ಕೆಲಸ ಮುಂದಕ್ಕೆ ಹಾಕಿಸುತ್ತೇನೆ.

ಗೂಡು ಖಾಲಿಯಿದ್ದರೆ ಸ್ವಚ್ಛ ಮಾಡಿ. ಅತ್ತೆಯವರು ಆ ಹೊತ್ತಿಗೆ ಮನೆಯಲ್ಲಿ ಇರದಿದ್ದರೆ ಒಳ್ಳೆಯದು. ಬಾಗಿಲು, ಕಿಟಕಿ ಮುಚ್ಚಿ, ಎಸಿ ಆರಿಸಿ, ಎನ್-95 ಮಾಸ್ಕ್ ಮತ್ತು ಕೈಗವಸು ಹಾಕಿಕೊಳ್ಳಿ. ಸಾಬೂನು ನೀರನ್ನು ಮೆಲ್ಲಗೆ ಸಿಂಪಡಿಸಿ ಪದರ ಪೂರ್ತಿ ನೆನೆಯುವವರೆಗೆ ಕಾಯಿರಿ. ಪೈಪಿನಿಂದ ಜೋರಾಗಿ ಹೊಡೆದರೆ ಅದೇ ಗಾಳಿಗೆ ಸಿಡಿಯುತ್ತದೆ. ಕೆರೆಯುವಾಗ ಒಳಗೆ ಒಣ ಬಿಳಿ ಪುಡಿ ಕಂಡರೆ ಇನ್ನೂ ನೆನೆದಿಲ್ಲ ಎಂದೇ ಅರ್ಥ, ನಿಲ್ಲಿಸಿ ಮತ್ತೆ ನೀರು ಹಾಕಿ. ತೆಗೆದದ್ದನ್ನು ಒದ್ದೆಯಿರುವಾಗಲೇ ಚೀಲಕ್ಕೆ ತುಂಬಿ ಕಟ್ಟಿಬಿಡಿ.

ಬಲೆಯ ಕಣ್ಣು 50 ಮಿಲಿಮೀಟರ್‌ಗಿಂತ ದೊಡ್ಡದಿರಬಾರದು. ದಾರ ನೈಲಾನ್ ಇರಲಿ, ಎಚ್‌ಡಿಪಿಇ ಇರಲಿ, ಬಿಸಿಲು ತಡೆಯುವಂಥದ್ದೇ ಎಂದು ಕೇಳಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಬಿಸಿಲಿಗೆ ಪೆಡಸಾಗಿ ಉಗುರಿನಿಂದ ಎಳೆದರೂ ತುಂಡಾಗುತ್ತದೆ. ಬಲೆ ಸೋಲುವುದು ಹೆಚ್ಚಾಗಿ ಅಂಚಿನಲ್ಲಿ. ಗೋಡೆ ಕೊರೆದು ಕೊಕ್ಕೆ ಹಾಕಿ, ಕೊಕ್ಕೆಗಳ ಮೂಲಕ ಉಕ್ಕಿನ ತಂತಿ ಬಿಗಿದು, ಆ ತಂತಿಗೆ ಬಲೆಯನ್ನು ಹೊಲಿಯಬೇಕು. ಬರಿಯ ಕೊಕ್ಕೆಗೆ ಸಿಕ್ಕಿಸಿದರೆ ಎರಡು ಕೊಕ್ಕೆಗಳ ನಡುವೆ ಬಲೆ ಜೋಲುತ್ತದೆ, ಪಾರಿವಾಳ ತಲೆ ತೂರಿಸಿ ದಾರಿ ಮಾಡಿಕೊಳ್ಳುತ್ತದೆ. ಕೆಲಸದವರು ಹೋಗುವ ಮುನ್ನ ಅಂಚಿನುದ್ದಕ್ಕೂ ಕೈಯಾಡಿಸಿ: ಎಲ್ಲಾದರೂ ಮುಷ್ಟಿ ನುಗ್ಗಿದರೆ ಅಲ್ಲಿ ಮತ್ತೆ ಕಟ್ಟಿಸಿ. ಎಸಿಯ ಕೊಳವೆ ಹೊರಬರುವ ಜಾಗವನ್ನೂ ನೋಡಿ. ಪೆಟ್ಟಿಗೆ ಬಲೆಯ ಒಳಗಿರಬೇಕು. ಹೊರಗೆ ಬಿಟ್ಟರೆ ಹಕ್ಕಿ ಅದರ ಮೇಲೆಯೇ ಕೂರುತ್ತದೆ.

ಸಿಡಿಯ ಬಗ್ಗೆ ಹೇಳುವುದಾದರೆ, ಪಾರಿವಾಳಕ್ಕೆ ಅದು ಬೇಗ ರೂಢಿಯಾಗುತ್ತದೆ. ಬಲೆಯೂ ಶಾಶ್ವತವಲ್ಲ, ಕೆಲವು ವರ್ಷಕ್ಕೆ ಬದಲಿಸಬೇಕು.

ಬಿಸಿಲುಮಚ್ಚು: ನಮ್ಮ ಸಿಡಿ ಇಂದಿಗೂ ಕೆಲಸ ಮಾಡುತ್ತಿದೆ, ಆದರೆ ನಮ್ಮಲ್ಲಿ ಗೂಡು ಇರಲಿಲ್ಲ ನಿಜ. ಗುಡಿಸುವುದನ್ನು ನಿಲ್ಲಿಸುತ್ತೇನೆ.

ಕೆಳಮನೆ: ನಮ್ಮ ಮೇಲಿನ ಮನೆಯವರು ಬಲೆ ಹಾಕಿಸಿದ ಮೇಲೆ ಪಾರಿವಾಳಗಳೆಲ್ಲ ನಮ್ಮಲ್ಲಿಗೆ ಬಂದವು. ಇಡೀ ಕಟ್ಟಡಕ್ಕೆ ಒಟ್ಟಿಗೆ ಹಾಕಿಸಲು ಯಾರಾದರೂ ಒಪ್ಪಿಸಿದ್ದೀರಾ? ಬೆಂಕಿ ಬಿದ್ದಾಗ ಬಾಲ್ಕನಿಯಿಂದ ಹೊರಬರಲು ಅಡ್ಡಿ ಎಂದು ನಮ್ಮ ಸಂಘದಲ್ಲಿ ಕೆಲವರು ಬೇಡವೆನ್ನುತ್ತಿದ್ದಾರೆ.

ಬಲೆ ಕಟ್ಟುವವನು: ಅವರ ಆತಂಕ ಸರಿಯಾದದ್ದೇ. ಒಂದು ಬದಿಯಲ್ಲಿ ಜಿಪ್ ಇರುವ ಬಾಗಿಲು ಇಡಿಸಬಹುದು, ಎಸಿ ರಿಪೇರಿಗೂ ಅದೇ ದಾರಿಯಾಗುತ್ತದೆ. ಸಂಘವನ್ನು ಒಪ್ಪಿಸಿದವರು ಇದ್ದರೆ ಬರೆಯಿರಿ, ನನಗೂ ಅದು ಬೇಕಾಗಿದೆ.