‘ಊಟ ಆದ ಒಂದು ಗಂಟೆಗೆ’: ಗಂಟೆ ಎಲ್ಲಿಂದ ಎಣಿಸೋದು?

ಎಲ್ಲರಿಗೂ ನಮಸ್ಕಾರ. ಬಸಿರಲ್ಲಿ ಬರುವ ಸಕ್ಕರೆ ಕಾಯಿಲೆಯ ಬಗ್ಗೆ ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಬೆರಳು ಚುಚ್ಚಿ ನೋಡಿಕೊಳ್ಳುವ ಭಾಗದಲ್ಲಿ ತಡೆಯಾಗಿದೆ. ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ‘ಊಟ ಆದ ಒಂದು ಗಂಟೆಗೆ’ 140ಕ್ಕಿಂತ ಕಡಿಮೆ ಇರಬೇಕು ಅಂತ ಬರೆದಿದ್ದೆ. ಓದಿದ ನನ್ನ ತಂಗಿ ಕೈ ತೊಳೆದ ಮೇಲೆ ಗಡಿಯಾರ ನೋಡಿದಳು! ‘ಆದ’ ಅಂದರೆ ಮುಗಿದ ಅಂತಲೇ ಅಲ್ವಾ? ಬೇರೆ ಹೇಗೆ ಹೇಳಬಹುದು?

ಉತ್ತರ 1
ನಿಮ್ಮ ತಂಗಿ ಮಾಡಿದ್ದೇ ಸರಿ. ‘ಆದ ಮೇಲೆ’ ಅಂದರೆ ಮುಗಿದ ಮೇಲೆ. ವಾಕ್ಯ ಚೆನ್ನಾಗಿದೆ, ಬದಲಿಸಬೇಡಿ. ಹೇಗೂ ಹೆರಿಗೆ ಆದರೆ ಹೋಗುವ ಕಾಯಿಲೆ, ಹತ್ತು ನಿಮಿಷ ಆಚೀಚೆ ಆದರೆ ಏನಾಗುತ್ತದೆ?

ಉತ್ತರ 2
ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್. ಕನ್ನಡ ಸರಿ, ಆದರೆ ಲೆಕ್ಕ ತಪ್ಪುತ್ತದೆ. ಗಂಟೆ ಶುರುವಾಗುವುದು ಮೊದಲ ತುತ್ತಿನಿಂದ. ಒಂದು ಗಂಟೆಗೆ ಊಟಕ್ಕೆ ಕುಳಿತು ಒಂದೂ ಮುಕ್ಕಾಲಿಗೆ ಎದ್ದವರು, ಎದ್ದ ಮೇಲಿಂದ ಎಣಿಸಿದರೆ ಎರಡೂ ಮುಕ್ಕಾಲಿಗೆ ಚುಚ್ಚಿಕೊಳ್ಳುತ್ತಾರೆ. ಆಗ 128 ಬಂತು ಅಂದುಕೊಳ್ಳಿ. 140ರ ಒಳಗಿದೆ ಅಂತ ಸಮಾಧಾನ. ಆದರೆ ಎರಡು ಗಂಟೆಗೇ ನೋಡಿದ್ದರೆ 150 ದಾಟಿರಬಹುದಿತ್ತು. ಸಕ್ಕರೆ ಏರಿದ್ದು ಪುಸ್ತಕದಲ್ಲಿ ದಾಖಲಾಗುವುದೇ ಇಲ್ಲ, ಊಟದಲ್ಲಿ ಏನು ಕಡಿಮೆ ಮಾಡಬೇಕು ಅಂತಲೂ ಗೊತ್ತಾಗುವುದಿಲ್ಲ. ತಾಯಿಯ ರಕ್ತದ ಸಕ್ಕರೆ ಮಗುವಿಗೆ ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಹಾಗಾಗಿ ಮಗು ತಾನೇ ಜಾಸ್ತಿ ಇನ್ಸುಲಿನ್ ಮಾಡುತ್ತದೆ, ದಪ್ಪ ಬೆಳೆಯುತ್ತದೆ. ಹುಟ್ಟಿದ ಮೇಲೆ ತಾಯಿಯ ಸಕ್ಕರೆ ನಿಲ್ಲುತ್ತದೆ, ಆ ಇನ್ಸುಲಿನ್ ಮಾತ್ರ ಉಳಿದಿರುತ್ತದೆ. ಅದಕ್ಕೇ ಮೊದಲ ಗಂಟೆಗಳಲ್ಲಿ ಮಗುವಿನ ಸಕ್ಕರೆ ಇಳಿದುಬಿಡಬಹುದು, ಬೇಗ ಹಾಲು ಕುಡಿಸಿ ನೋಡುತ್ತಿರುತ್ತೇವೆ.

ಉತ್ತರ 3
ನನಗೆ 26ನೇ ವಾರದಲ್ಲಿ ಆ ಸಿಹಿ ನೀರು ಕುಡಿಸಿದಾಗ ವಾಂತಿ ಬಂತು, ಇನ್ನೊಂದು ದಿನ ಮತ್ತೆ ಹೋಗಬೇಕಾಯಿತು. ಅದಕ್ಕೂ ಊಟ ಮಾಡಿ ಒಂದು ಗಂಟೆಗೆ ಹೋಗಬೇಕಿತ್ತಾ? ನಾನು ಖಾಲಿ ಹೊಟ್ಟೆಯಲ್ಲಿ ಹೋಗಿದ್ದೆನಲ್ಲ!

ಉತ್ತರ 2 ಬರೆದವರು
ಇಲ್ಲ, ಅದು ಕಾಯಿಲೆ ಇದೆಯಾ ಅಂತ ನೋಡುವ ಪರೀಕ್ಷೆ, ಇಲ್ಲಿನ ಪ್ರಶ್ನೆ ಮನೆಯಲ್ಲಿ ನೋಡಿಕೊಳ್ಳುವುದರದು. 75 ಗ್ರಾಂ ಗ್ಲೂಕೋಸಿನ ಪರೀಕ್ಷೆಗೆ ನೀವು ಖಾಲಿ ಹೊಟ್ಟೆಯಲ್ಲಿ ಹೋಗಿದ್ದು ಸರಿಯೇ. ಆ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಗೆ 92 ಬಂದರೂ ಕಾಯಿಲೆ ಎನ್ನುವವರು ಬಹಳ ಇದ್ದಾರೆ. ಮನೆಯಲ್ಲಿ ಮಾತ್ರ 95ರ ಒಳಗಿರಲಿ ಅನ್ನುತ್ತೇವೆ. ಎರಡು ಸಂಖ್ಯೆಗೂ ‘ಮಿತಿ’ ಅಂತ ಬರೆದರೆ ಓದುವವರು ಗಲಿಬಿಲಿಯಾಗುತ್ತಾರೆ.

ಕೇಳಿದವರು
ಹಾಗಾದರೆ ‘ಮೊದಲ ತುತ್ತಿನಿಂದ ಒಂದು ಗಂಟೆಗೆ’ ಅಂತಲೇ ಬರೆಯುತ್ತೇನೆ. 92ಕ್ಕೆ ‘ಗೆರೆ’, 95ಕ್ಕೆ ‘ಗುರಿ’ ಸಾಕಾ? ಉತ್ತರ 1ರಲ್ಲಿರುವ ‘ಹೋಗುವ’ ಪದವೂ ಕಾಡುತ್ತಿದೆ. ಹೆರಿಗೆಯಾದ 4ರಿಂದ 12 ವಾರದೊಳಗೆ ಮತ್ತೆ 75 ಗ್ರಾಂ ಪರೀಕ್ಷೆ ಮಾಡಿಸಬೇಕು. ಆಮೇಲೂ 1ರಿಂದ 3 ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು. ‘ಹೋಯಿತು’ ಅಂದರೆ ಯಾರೂ ಹೋಗುವುದಿಲ್ಲ.

ಉತ್ತರ 1 ಬರೆದವರು
ತುತ್ತಿನ ಮಾತು ಒಪ್ಪಿದೆ. ‘ಇಳಿಯುತ್ತದೆ’ ಅನ್ನಿ, ಇಳಿದದ್ದು ಮತ್ತೆ ಏರಬಹುದು ಅಂತ ಕನ್ನಡದವರಿಗೆ ತಾನೇ ತಿಳಿಯುತ್ತದೆ. ‘ಗೆರೆ’ ಮಾತ್ರ ನನಗೆ ಒಗ್ಗುತ್ತಿಲ್ಲ.